ಹತ್ತು ಪಟ್ಟು ಎಂದರೆ ಎಷ್ಟು ಬೆಳವಣಿಗೆ?

ತಿಪಟೂರು ಸೀಮೆಯ ಒಂದು ತೆಂಗಿನ ತೋಟಕ್ಕೆ ಬೆಲೆ ಕಟ್ಟಬೇಕಾಗಿದೆ ಎಂದುಕೊಳ್ಳಿ. ಒಬ್ಬರು ಮರಗಳನ್ನು ಎಣಿಸುತ್ತಾರೆ, ವರ್ಷಕ್ಕೆ ಎಷ್ಟು ಕಾಯಿ ಇಳಿಯುತ್ತದೆ, ಗೊಬ್ಬರ, ನೀರು, ಕೂಲಿ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ ಬೆಲೆ ಹೇಳುತ್ತಾರೆ. ಇನ್ನೊಬ್ಬರು ಪಕ್ಕದ ತೋಟ ಹೋದ ವರ್ಷ ಎಕರೆಗೆ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿ ಅದೇ ದರ ಹಚ್ಚುತ್ತಾರೆ. ಎರಡೂ ಸರಿಯಾದ ದಾರಿಗಳೇ. ಆದರೆ ಪಕ್ಕದ ತೋಟದ ದರದ ಒಳಗೂ ಯಾರೋ ಒಬ್ಬರು ಹಾಕಿದ ಕಾಯಿಯ ಲೆಕ್ಕ ಅಡಗಿರುತ್ತದೆ. ಆ ಲೆಕ್ಕವನ್ನು ಹೊರಗೆಳೆದು ನೋಡದೆ ದರವನ್ನಷ್ಟೇ ಎರವಲು ತಂದರೆ, ಅವರ ಬಾವಿಯ ನೀರನ್ನೂ ನಮ್ಮ ತೋಟದ್ದೆಂದು ನಂಬಿದಂತಾಗುತ್ತದೆ.

ಕಂಪನಿಗಳ ಮೌಲ್ಯಮಾಪನದಲ್ಲಿ ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾಗುವುದು ಟರ್ಮಿನಲ್ ವ್ಯಾಲ್ಯೂ ಎಂಬ ಒಂದು ಸಾಲಿನಲ್ಲಿ. ಕಂಪನಿಯೊಂದು ಮುಂದಿನ ಐದು ವರ್ಷಗಳಲ್ಲಿ ಗಳಿಸುವ ನಗದನ್ನು ವರ್ಷ ವರ್ಷಕ್ಕೂ ಅಂದಾಜು ಮಾಡಬಹುದು. ಆರನೇ ವರ್ಷದಿಂದ ಮುಂದಕ್ಕೆ ಹಾಗೆ ಮಾಡಲಾಗದು. ಆದರೂ ಕಂಪನಿ ಐದನೇ ವರ್ಷದ ಕೊನೆಗೆ ಬಾಗಿಲು ಹಾಕುವುದಿಲ್ಲ. ಹಾಗಾಗಿ ಅಲ್ಲಿಂದಾಚೆಗಿನ ಎಲ್ಲವನ್ನೂ ಒಂದೇ ಸಂಖ್ಯೆಗೆ ಇಳಿಸಬೇಕಾಗುತ್ತದೆ. ಆ ಸಂಖ್ಯೆಯೇ ಟರ್ಮಿನಲ್ ವ್ಯಾಲ್ಯೂ. ಇಲ್ಲಿ ಅದನ್ನು ಕೊನೆಯ ಮೌಲ್ಯ ಎಂದು ಕರೆಯೋಣ.

ಇದನ್ನು ಕಟ್ಟುವ ಮೊದಲ ದಾರಿ ಶಾಶ್ವತ ಬೆಳವಣಿಗೆಯದು. ಕೈಗೆ ಉಳಿಯುವ ನಗದು ಪ್ರತಿವರ್ಷ ಒಂದೇ ದರದಲ್ಲಿ ಎಂದೆಂದಿಗೂ ಬೆಳೆಯುತ್ತದೆ ಎಂದು ಊಹಿಸಿದರೆ, ಕೊನೆಯಿಲ್ಲದ ಆ ಸರಣಿಯ ಮೊತ್ತ ಒಂದು ಪುಟ್ಟ ಸೂತ್ರಕ್ಕೆ ಇಳಿಯುತ್ತದೆ:

ಕೊನೆಯ ಮೌಲ್ಯ = ಮುಂದಿನ ವರ್ಷದ ನಗದು ÷ (ಡಿಸ್ಕೌಂಟ್ ದರ − ಬೆಳವಣಿಗೆ ದರ)

ಇದರ ಬೇರು ಜಾನ್ ಬರ್ ವಿಲಿಯಮ್ಸ್ 1938ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. ಮೈರನ್ ಗಾರ್ಡನ್ ಮತ್ತು ಎಲೈ ಶಪೀರೊ 1956ರಲ್ಲಿ ಬರೆದ ಲೇಖನದಿಂದ ಅದು ಗಾರ್ಡನ್ ಮಾದರಿ ಎಂದು ಹೆಸರಾಯಿತು. ಎರಡನೇ ದಾರಿ ಎಕ್ಸಿಟ್ ಮಲ್ಟಿಪಲ್. ಇದೇ ಬಗೆಯ ಕಂಪನಿಗಳನ್ನು ಮಾರುಕಟ್ಟೆ ಅವುಗಳ ಎಬಿಟ್ಡಾದ ಎಷ್ಟು ಪಟ್ಟಿಗೆ ಕೊಳ್ಳುತ್ತಿದೆಯೋ, ಐದನೇ ವರ್ಷದಲ್ಲಿ ನಮ್ಮ ಕಂಪನಿಯೂ ಅಷ್ಟೇ ಪಟ್ಟಿಗೆ ಮಾರಾಟವಾಗುತ್ತದೆ ಎಂದು ಊಹಿಸುವುದು. ಎಬಿಟ್ಡಾ ಎಂದರೆ ಬಡ್ಡಿ, ತೆರಿಗೆ, ಸವಕಳಿಗಳನ್ನು ಕಳೆಯುವ ಮೊದಲಿನ ಲಾಭ.

ಸಂಖ್ಯೆಗಳಿಲ್ಲದೆ ಈ ಮಾತು ಮುಂದೆ ಸಾಗದು. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಐದನೇ ವರ್ಷಕ್ಕೆ ಅದರ ಎಬಿಟ್ಡಾ 50 ಕೋಟಿ ರೂಪಾಯಿ. ಅದರಲ್ಲಿ ಸವಕಳಿ 10 ಕೋಟಿ ಕಳೆದರೆ 40. ಅದಕ್ಕೆ ಶೇ. 25 ತೆರಿಗೆ ಕಟ್ಟಿದರೆ 30 ಕೋಟಿ ಲಾಭ. ಆದರೆ ಅಷ್ಟೂ ಮಾಲೀಕರ ಕೈಗೆ ಬರುವುದಿಲ್ಲ. ಹೊಸ ಯಂತ್ರಗಳಿಗೆ 14 ಕೋಟಿ ಬೇಕು. ಅದರಲ್ಲಿ 10 ಕೋಟಿ ಹಳೆಯ ಯಂತ್ರಗಳ ಸವಕಳಿಯನ್ನು ತುಂಬುವುದಕ್ಕೆ, ಉಳಿದ 4 ಕೋಟಿ ವಿಸ್ತರಣೆಗೆ. ದಾಸ್ತಾನು, ಗಿರಾಕಿಗಳ ಬಾಕಿ ಎಂದು ದುಡಿಯುವ ಬಂಡವಾಳಕ್ಕೆ ಇನ್ನೊಂದು 4 ಕೋಟಿ. ಹೀಗೆ ಬೆಳವಣಿಗೆಗೆಂದೇ ಒಟ್ಟು 8 ಕೋಟಿ ಮತ್ತೆ ವ್ಯವಹಾರದೊಳಕ್ಕೆ ಹೋಗಿ, 22 ಕೋಟಿ ನಗದು ಉಳಿಯುತ್ತದೆ. ಡಿಸ್ಕೌಂಟ್ ದರ ಶೇ. 12 ಇರಲಿ. ಮೊದಲ ಐದು ವರ್ಷಗಳ ನಗದು ಕ್ರಮವಾಗಿ 14, 16, 18, 20, 22 ಕೋಟಿ ಎಂದಾದರೆ ಅವುಗಳ ಇಂದಿನ ಬೆಲೆ ಸುಮಾರು 63 ಕೋಟಿ.

ಈಗ ಕೊನೆಯ ಮೌಲ್ಯ. ಷೇರುಪೇಟೆಯಲ್ಲಿರುವ ಇಂಥದೇ ಕಂಪನಿಗಳು ಎಬಿಟ್ಡಾದ ಹತ್ತು ಪಟ್ಟಿಗೆ ವಹಿವಾಟಾಗುತ್ತಿವೆ ಎಂದಾದರೆ ಅದು 500 ಕೋಟಿ. ಶಾಶ್ವತ ಬೆಳವಣಿಗೆ ಶೇ. 5 ಎಂದು ಹಿಡಿದರೆ 22ನ್ನು 1.05ರಿಂದ ಗುಣಿಸಿ 0.07ರಿಂದ ಭಾಗಿಸಬೇಕು, ಅದು 330 ಕೋಟಿ. ಒಂದೇ ಕಾರ್ಖಾನೆ, ಒಂದೇ ಐದು ವರ್ಷ, ಒಂದೇ ಡಿಸ್ಕೌಂಟ್ ದರ. ವ್ಯತ್ಯಾಸ 170 ಕೋಟಿ. ಇಂದಿನ ಬೆಲೆಗೆ ಇಳಿಸಿದರೆ ಮೊದಲನೆಯದು 284 ಕೋಟಿ, ಎರಡನೆಯದು 187. ಐದು ವರ್ಷಗಳ ನಗದನ್ನು ಕೂಡಿಸಿದಾಗ ಕಂಪನಿಯ ಒಟ್ಟು ಬೆಲೆ ಒಂದು ದಾರಿಯಲ್ಲಿ 347 ಕೋಟಿ, ಇನ್ನೊಂದರಲ್ಲಿ 250. ಎರಡರಲ್ಲೂ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಬಂದಿರುವುದು ಆ ಒಂದೇ ಸಾಲಿನಿಂದ.

ಇಂಥ ಅಂತರ ಕಂಡಾಗ ಎರಡನ್ನೂ ಕೂಡಿಸಿ ಅರ್ಧ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಅದು ತಪ್ಪು ಎಂದು ನಾನು ದೃಢವಾಗಿ ನಂಬುತ್ತೇನೆ. ಇವು ಒಂದೇ ವಸ್ತುವನ್ನು ಎರಡು ಬಾರಿ ಅಳೆದಾಗ ಬರುವಂಥ ಸಣ್ಣಪುಟ್ಟ ಏರುಪೇರುಗಳಲ್ಲ. ಭವಿಷ್ಯದ ಬಗ್ಗೆ ಪರಸ್ಪರ ಒಪ್ಪದ ಎರಡು ಹೇಳಿಕೆಗಳು. ಸರಾಸರಿ ತೆಗೆದರೆ ಆ ಜಗಳ ಕಣ್ಣಿಗೆ ಬೀಳದೆ ಹೋಗುತ್ತದೆ. ಹತ್ತು ಪಟ್ಟು ಎಂಬ ಮಾತನ್ನು ಬೆಳವಣಿಗೆಯ ಭಾಷೆಗೆ ತಿರುಗಿಸಿದರೆ ಮಾತ್ರ ಅದು ಎದುರಿಗೆ ಬರುತ್ತದೆ. ಅದಕ್ಕೆ ಗಾರ್ಡನ್ ಸೂತ್ರವನ್ನೇ ಹಿಂದುಮುಂದಾಗಿ ಬರೆದುಕೊಂಡರೆ ಸಾಕು:

ಅಡಗಿರುವ ಬೆಳವಣಿಗೆ = (ಕೊನೆಯ ಮೌಲ್ಯ × ಡಿಸ್ಕೌಂಟ್ ದರ − ಕೊನೆಯ ವರ್ಷದ ನಗದು) ÷ (ಕೊನೆಯ ಮೌಲ್ಯ + ಕೊನೆಯ ವರ್ಷದ ನಗದು)

500ರ ಶೇ. 12 ಎಂದರೆ 60. ಅದರಿಂದ 22 ಕಳೆದರೆ 38. ಅದನ್ನು 522ರಿಂದ ಭಾಗಿಸಿದರೆ ಶೇ. 7.3. ಹತ್ತು ಪಟ್ಟು ಎಂದು ಬರೆದವರು, ಅವರಿಗೆ ಗೊತ್ತಿರಲಿ ಇಲ್ಲದಿರಲಿ, ಈ ಕಾರ್ಖಾನೆಯ ನಗದು ಎಂದೆಂದಿಗೂ ವರ್ಷಕ್ಕೆ ಶೇ. 7.3ರಂತೆ ಬೆಳೆಯುತ್ತದೆ ಎಂದೇ ಹೇಳಿದ್ದಾರೆ. ಇತ್ತ ಶೇ. 5 ಎಂದು ಬರೆದವರು 330 ಕೋಟಿಯನ್ನು 50ರಿಂದ ಭಾಗಿಸಿ ನೋಡಿದರೆ, ಐದನೇ ವರ್ಷದಲ್ಲಿ ಕಂಪನಿ 6.6 ಪಟ್ಟಿಗೆ ಮಾರಾಟವಾಗುತ್ತದೆ ಎಂದು ಹೇಳಿದಂತಾಗಿದೆ. ಈಗ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು.

ಶೇ. 7.3 ಹೆಚ್ಚೇ? ಭಾರತದಲ್ಲಿ ಕುಳಿತು ಈ ಪ್ರಶ್ನೆ ಕೇಳಿದರೆ ತಕ್ಷಣ ಒಂದು ಆಕ್ಷೇಪ ಬರುತ್ತದೆ: ಹಣದುಬ್ಬರವೂ ಸೇರಿದಂತೆ ನಮ್ಮ ಜಿಡಿಪಿಯೇ ಅದಕ್ಕಿಂತ ವೇಗವಾಗಿ ಬೆಳೆಯುತ್ತಿದೆಯಲ್ಲ? ಇಂದು ನಿಜ. ಆದರೆ ಸೂತ್ರ ಕೇಳುವುದು ಇಂದಿನ ದರವನ್ನಲ್ಲ, ಎಂದೆಂದಿಗೂ ಉಳಿಯುವ ದರವನ್ನು. ವೇಗವಾಗಿ ಬೆಳೆದ ದೇಶಗಳು ಶ್ರೀಮಂತವಾಗುತ್ತಾ ನಿಧಾನವಾಗಿವೆ. ಜಪಾನ್, ದಕ್ಷಿಣ ಕೊರಿಯಾ, ಈಗ ಚೀನಾ ಇದಕ್ಕೆ ಸಾಕ್ಷಿ. ಮೌಲ್ಯಮಾಪನದ ಪಾಠಗಳಿಗೆ ಹೆಸರಾದ, ಚೆನ್ನೈನಲ್ಲಿ ಹುಟ್ಟಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಲಿಸುವ ಅಶ್ವತ್ಥ್ ದಾಮೋದರನ್ ಇದಕ್ಕೊಂದು ಸರಳ ಮಿತಿ ಹೇಳುತ್ತಾರೆ: ಶಾಶ್ವತ ಬೆಳವಣಿಗೆ ಆ ನಾಣ್ಯದ ಅಪಾಯರಹಿತ ಬಡ್ಡಿದರವನ್ನು ಮೀರಬಾರದು. ದೀರ್ಘಾವಧಿಯಲ್ಲಿ ಬಡ್ಡಿದರವೂ ಅರ್ಥವ್ಯವಸ್ಥೆಯ ಬೆಳವಣಿಗೆಯೂ ಒಟ್ಟೊಟ್ಟಿಗೆ ಸಾಗುತ್ತವೆ ಎಂಬುದು ಅದರ ಹಿಂದಿನ ತರ್ಕ. ಭಾರತ ಸರ್ಕಾರದ ಹತ್ತು ವರ್ಷದ ಬಾಂಡುಗಳ ಇಳುವರಿ ಈಚಿನ ವರ್ಷಗಳಲ್ಲಿ ಶೇ. 6ರಿಂದ 7ರ ಆಸುಪಾಸಿನಲ್ಲಿದೆ, ಅದರಲ್ಲೂ ಸರ್ಕಾರ ಮರುಪಾವತಿ ಮಾಡದಿರಬಹುದಾದ ಅಪಾಯದ ಸಣ್ಣ ಪಾಲು ಇದೆ. 7.3 ಈ ಗೆರೆಯನ್ನು ದಾಟಿ ನಿಂತಿದೆ. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ. 4, ಹಾಗಾಗಿ ಶೇ. 5 ಎಂದರೆ ನೈಜವಾಗಿ ವರ್ಷಕ್ಕೆ ಸುಮಾರು ಒಂದು ಪ್ರತಿಶತ ಬೆಳವಣಿಗೆ. ಬಿಡಿಭಾಗದ ಕಾರ್ಖಾನೆಗೆ ಅದು ಕಂಜೂಸಿನ ಊಹೆಯಲ್ಲ.

ಡಿಸ್ಕೌಂಟ್ ದರಕ್ಕೆ ಬೆಳವಣಿಗೆ ದರ ಹತ್ತಿರವಾದಷ್ಟೂ ಈ ಸೂತ್ರ ಹುಚ್ಚು ಹಿಡಿದಂತೆ ವರ್ತಿಸುತ್ತದೆ. ನಮ್ಮ ಕಾರ್ಖಾನೆಯಲ್ಲಿ ಶೇ. 7 ಎಂದರೆ ಕೊನೆಯ ಮೌಲ್ಯ 471 ಕೋಟಿ, ಶೇ. 9ಕ್ಕೆ 799, ಶೇ. 11ಕ್ಕೆ 2,442 ಕೋಟಿ. ಶೇ. 12ಕ್ಕೆ ಉತ್ತರವೇ ಇಲ್ಲ. ಡೇವಿಡ್ ಡ್ಯುರಾಂಡ್ 1957ರಲ್ಲಿ ಈ ವಿಚಿತ್ರವನ್ನು ಗಣಿತದ ಒಂದು ಹಳೆಯ ಒಗಟಿನ ಪಕ್ಕದಲ್ಲಿಟ್ಟು ತೋರಿಸಿದರು. ಡೇನಿಯಲ್ ಬರ್ನೂಲಿ 1738ರಲ್ಲಿ ಚರ್ಚಿಸಿದ ಸೇಂಟ್ ಪೀಟರ್ಸ್‌ಬರ್ಗ್ ಒಗಟು ಅದು: ನಾಣ್ಯ ಚಿಮ್ಮುವ ಒಂದು ಆಟದಲ್ಲಿ ಬಹುಮಾನ ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತಾ ಹೋಗುತ್ತದೆ. ಲೆಕ್ಕದ ಪ್ರಕಾರ ಅದರ ನಿರೀಕ್ಷಿತ ಬೆಲೆ ಅನಂತ, ಆದರೆ ಬುದ್ಧಿ ಇರುವ ಯಾರೂ ಆ ಆಟಕ್ಕೆ ದೊಡ್ಡ ಮೊತ್ತ ಕೊಡರು. ವೇಗವಾಗಿ ಬೆಳೆಯುವ ಷೇರುಗಳ ಬೆಲೆಯಲ್ಲೂ ಇದೇ ಆಟ ನಡೆಯುತ್ತದೆ ಎಂಬುದು ಡ್ಯುರಾಂಡರ ವಾದ. ದೂರದ, ಯಾರೂ ಕಾಣದ ವರ್ಷಗಳೇ ಬೆಲೆಯ ಬಹುಪಾಲನ್ನು ಹೊತ್ತುಕೊಂಡಿರುತ್ತವೆ.

ಇದು ಕಾಗದದ ಮೇಲಿನ ಕುತೂಹಲ ಮಾತ್ರವಲ್ಲ. ಅಲ್ಪಾವಧಿ ಸಾಲ ಕೊಡುತ್ತಿದ್ದ ಅಮೆರಿಕದ ಡಿಎಫ್‌ಸಿ ಗ್ಲೋಬಲ್ ಕಂಪನಿಯನ್ನು ಲೋನ್ ಸ್ಟಾರ್ 2014ರಲ್ಲಿ ಷೇರಿಗೆ 9.50 ಡಾಲರಿನಂತೆ ಕೊಂಡಿತು. ಬೆಲೆ ಸಾಲದೆಂದು ಕೆಲವು ಷೇರುದಾರರು ಡೆಲವೇರ್ ರಾಜ್ಯದ ಚಾನ್ಸರಿ ನ್ಯಾಯಾಲಯಕ್ಕೆ ಹೋದರು. ನ್ಯಾಯಾಧೀಶರು ಮುಂದಿನ ನಗದನ್ನು ಇಂದಿನ ಬೆಲೆಗೆ ಇಳಿಸುವ ಡಿಸಿಎಫ್ ಲೆಕ್ಕ, ಸಮಾನ ಕಂಪನಿಗಳ ಬೆಲೆ, ಖರೀದಿಯ ಬೆಲೆ ಈ ಮೂರಕ್ಕೂ ಸಮ ತೂಕ ಕೊಟ್ಟು 10.21 ಡಾಲರ್ ಎಂದು ತೀರ್ಮಾನಿಸಿದರು. ಆಮೇಲೆ, ದುಡಿಯುವ ಬಂಡವಾಳದ ಲೆಕ್ಕದಲ್ಲಿ ದೋಷವಿದೆ ಎಂದು ಕಂಪನಿ ತೋರಿಸಿತು. ಅದನ್ನು ಸರಿಪಡಿಸಿದರೆ ಬೆಲೆ 8.42ಕ್ಕೆ ಇಳಿಯಬೇಕಿತ್ತು. ಆದರೆ ಅದೇ ಹೊತ್ತಿಗೆ ಶಾಶ್ವತ ಬೆಳವಣಿಗೆ ದರವನ್ನು ಶೇ. 3.1ರಿಂದ 4.0ಕ್ಕೆ ಏರಿಸಲಾಯಿತು, ಅಂತಿಮ ಬೆಲೆ 10.30 ಆಯಿತು. ಒಂದು ಪ್ರತಿಶತಕ್ಕೂ ಕಡಿಮೆ ಬದಲಾವಣೆ, ಅದೂ ಮೂರನೇ ಒಂದು ತೂಕದ ಲೆಕ್ಕದೊಳಗೆ, ಇಳಿಯಬೇಕಿದ್ದ ಅಷ್ಟನ್ನೂ ಮತ್ತೆ ಮೇಲಕ್ಕೆತ್ತಿತು. 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಆ ಏರಿಕೆಗೆ ದಾಖಲೆಯಲ್ಲಿ ಆಧಾರವಿಲ್ಲ ಎಂದಿತು.

ಬೆಳವಣಿಗೆ ದರವನ್ನು ಹೊರಗೆಳೆದು ಮಿತಿಯ ಒಳಗಿದೆಯೇ ಎಂದು ನೋಡುವಲ್ಲಿಗೆ ಹೆಚ್ಚಿನವರ ಪರೀಕ್ಷೆ ಮುಗಿಯುತ್ತದೆ. ಇನ್ನೊಂದು ಹೆಜ್ಜೆ ಬಾಕಿ ಇದೆ, ಅಸಲಿ ತಪ್ಪು ಸಿಕ್ಕಿಬೀಳುವುದು ಅಲ್ಲೇ. ಬೆಳವಣಿಗೆ ಪುಕ್ಕಟೆ ಬರುವುದಿಲ್ಲ. ಹೆಚ್ಚು ಬಿಡಿಭಾಗ ಮಾಡಲು ಹೆಚ್ಚು ಯಂತ್ರ ಬೇಕು, ಹೆಚ್ಚು ದಾಸ್ತಾನು ಬೇಕು. ಮತ್ತೆ ಹೂಡುವ ಪಾಲನ್ನು ಆ ಹೂಡಿಕೆ ತರುವ ಗಳಿಕೆಯಿಂದ ಗುಣಿಸಿದರೆ ಬರುವುದೇ ಬೆಳವಣಿಗೆ ದರ. ನಮ್ಮ ಕಾರ್ಖಾನೆ 30 ಕೋಟಿ ಲಾಭದಲ್ಲಿ 8 ಕೋಟಿಯನ್ನು, ಅಂದರೆ ಶೇ. 26.7 ಭಾಗವನ್ನು ಮತ್ತೆ ಹೂಡುತ್ತಿದೆ. ಇಷ್ಟೇ ಹೂಡಿ ಶೇ. 5 ಬೆಳೆಯಬೇಕಾದರೆ ಹೊಸ ಹೂಡಿಕೆಯ ಮೇಲೆ ಶೇ. 18.75 ಗಳಿಕೆ ಬೇಕು. ಶೇ. 7.3 ಬೆಳೆಯಬೇಕಾದರೆ ಶೇ. 27 ಬೇಕು, ಅದೂ ಎಂದೆಂದಿಗೂ. ಬಂಡವಾಳದ ವೆಚ್ಚ ಶೇ. 12 ಇರುವ ಒಂದು ಉದ್ಯಮದಲ್ಲಿ ಶೇ. 27ರ ಗಳಿಕೆ ಶಾಶ್ವತವಾಗಿ ಉಳಿದರೆ, ಪೀಣ್ಯದ ಇನ್ನುಳಿದ ಕಾರ್ಖಾನೆಗಳು ಕೈಕಟ್ಟಿ ಕೂತಿವೆ ಎಂದು ಅರ್ಥ.

ಹೊಸ ಹೂಡಿಕೆ ಶೇ. 15 ಮಾತ್ರ ಗಳಿಸುತ್ತದೆ ಎಂದು ಸ್ವಲ್ಪ ವಾಸ್ತವಕ್ಕೆ ಹತ್ತಿರ ಬರೋಣ. ಆಗ ಶೇ. 7.3 ಬೆಳೆಯಲು ಲಾಭದ ಹತ್ತಿರಹತ್ತಿರ ಅರ್ಧದಷ್ಟನ್ನು ಹೂಡಬೇಕಾಗುತ್ತದೆ, ಕೈಗೆ ಉಳಿಯುವ ನಗದು ಕುಗ್ಗುತ್ತದೆ, ಕೊನೆಯ ಮೌಲ್ಯ 500ರಿಂದ ಸುಮಾರು 351 ಕೋಟಿಗೆ ಬೀಳುತ್ತದೆ. ಅಂದರೆ ಏಳು ಪಟ್ಟು. ಇದೇ ಗಳಿಕೆಯಲ್ಲಿ ಹತ್ತು ಪಟ್ಟು ಮುಟ್ಟಬೇಕೆಂದರೆ ಶೇ. 9.6ಕ್ಕಿಂತ ಹೆಚ್ಚಿನ ಶಾಶ್ವತ ಬೆಳವಣಿಗೆ ಬೇಕು. ಗಳಿಕೆ ಬಂಡವಾಳದ ವೆಚ್ಚಕ್ಕೆ ಸಮನಾಗಿ ಶೇ. 12ಕ್ಕೆ ಇಳಿದರಂತೂ ಕೊನೆಯ ಮೌಲ್ಯ ಎಂದರೆ ಮುಂದಿನ ವರ್ಷದ ಲಾಭವನ್ನು 0.12ರಿಂದ ಭಾಗಿಸಿದಷ್ಟೇ. ಅಲ್ಲಿಂದಾಚೆಗೆ ಎಷ್ಟು ಬೆಳೆದರೂ ಬೆಲೆ ಏರದು, ಏಕೆಂದರೆ ಬೆಳೆಯಲು ಕೊಟ್ಟಷ್ಟೇ ಹಿಂದಕ್ಕೆ ಬರುತ್ತದೆ. ಕಂಪ್ಯೂಟರಿನ ಹಾಳೆಯಲ್ಲಿ ಬೆಳವಣಿಗೆಯ ಅಂಕಿಯನ್ನು ಮಾತ್ರ ಏರಿಸಿ ಹೂಡಿಕೆಯ ಅಂಕಿಯನ್ನು ಹಾಗೇ ಬಿಟ್ಟರೆ, ಈ ಸತ್ಯ ಸದ್ದಿಲ್ಲದೆ ಅಳಿಸಿಹೋಗುತ್ತದೆ. ನಾನು ನೋಡಿದ ಮೌಲ್ಯಮಾಪನಗಳಲ್ಲಿ ಅತಿ ಸಾಮಾನ್ಯವಾದ ದೋಷ ಇದೇ.

ಹಾಗಾದರೆ ಮಾರುಕಟ್ಟೆ ಹತ್ತು ಪಟ್ಟು ಕೊಡುತ್ತಿರುವುದೇ ಸುಳ್ಳೇ? ಅಲ್ಲ. ಅದು ಇಂದಿನ ಕಂಪನಿಗಳಿಗೆ ಕೊಡುತ್ತಿರುವ ಬೆಲೆ. ಅವುಗಳ ಮುಂದೆ ಇನ್ನೂ ಕೆಲವು ವರ್ಷಗಳ ಬಿರುಸಿನ ಬೆಳವಣಿಗೆ ಇದೆ ಎಂಬ ನಂಬಿಕೆ ಆ ಬೆಲೆಯಲ್ಲಿ ಸೇರಿದೆ. ನಮ್ಮ ಕಾರ್ಖಾನೆ ಐದನೇ ವರ್ಷಕ್ಕೆ ಆ ಓಟವನ್ನು ಮುಗಿಸಿರುತ್ತದೆ ಎಂದು ನಾವೇ ಊಹಿಸಿದ ಮೇಲೆ, ಓಡುತ್ತಿರುವವರ ಬೆಲೆಯನ್ನು ನಿಂತವರಿಗೆ ಹಚ್ಚಿದಂತಾಗುತ್ತದೆ. ಇಲ್ಲ, ಐದನೇ ವರ್ಷದಲ್ಲೂ ಅದು ಶೇ. 12ರಂತೆ ಬೆಳೆಯುತ್ತಿರುತ್ತದೆ ಎಂದು ವಾದಿಸಬಹುದು. ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ ಲೆಕ್ಕ ಮಾಡೋಣ. ಬೆಳವಣಿಗೆ ದರವೂ ಡಿಸ್ಕೌಂಟ್ ದರವೂ ಒಂದೇ ಆದಾಗ ಪ್ರತಿ ಹೆಚ್ಚುವರಿ ವರ್ಷದ ನಗದು ಕೊನೆಯ ಮೌಲ್ಯಕ್ಕೆ ಒಂದೇ ಮೊತ್ತವನ್ನು ಕೂಡಿಸುತ್ತದೆ. ಈಗಿನ ಹೂಡಿಕೆಯಲ್ಲೇ ಆ ಓಟ ಸಾಧ್ಯವಾದರೆ ವರ್ಷಕ್ಕೆ 22 ಕೋಟಿ ಸೇರುತ್ತದೆ, ಅಂದರೆ 170 ಕೋಟಿಯ ಅಂತರ ತುಂಬಲು ಸುಮಾರು 8 ವರ್ಷ. ಆದರೆ ಶೇ. 18.75 ಗಳಿಕೆಯಲ್ಲಿ ಶೇ. 12 ಬೆಳೆಯಲು ಲಾಭದ ಶೇ. 64 ಭಾಗವನ್ನು ಮತ್ತೆ ಹೂಡಬೇಕು. ಆಗ ವರ್ಷಕ್ಕೆ ಸೇರುವುದು 10.8 ಕೋಟಿ ಮಾತ್ರ, ಹಾಗಾಗಿ ಹತ್ತಿರಹತ್ತಿರ 16 ವರ್ಷ ಬೇಕು. ಐದನೇ ವರ್ಷದ ಕೊನೆಗೆ ಹತ್ತು ಪಟ್ಟು ಎಂದು ಬರೆಯುವುದು, ಅಲ್ಲಿಂದ ಇನ್ನೂ 16 ವರ್ಷ ಶೇ. 12ರ ಓಟ ಇದೆ ಎಂದು ಬರೆದಂತೆ. ಅದನ್ನು ನಂಬುವವರು ಅಂದಾಜನ್ನು ಐದು ವರ್ಷಕ್ಕೆ ನಿಲ್ಲಿಸದೆ ಹತ್ತು, ಹದಿನೈದು ವರ್ಷಕ್ಕೆ ಎಳೆದು, ಪ್ರತಿ ವರ್ಷದ ಹೂಡಿಕೆಯನ್ನೂ ಬರೆದು ತೋರಿಸಬೇಕು.

ಒಂದೇ ಮಲ್ಟಿಪಲ್ ಎಲ್ಲ ಉದ್ಯಮಗಳಲ್ಲೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಇಲ್ಲೇ ನೋಡಬೇಕು. ಪೀಣ್ಯದ ಕಾರ್ಖಾನೆಯಲ್ಲಿ ಎಬಿಟ್ಡಾದ ಪ್ರತಿ ರೂಪಾಯಿಯಲ್ಲಿ 44 ಪೈಸೆ ನಗದಾಗಿ ಉಳಿಯುತ್ತದೆ. ಯಂತ್ರಗಳ ಗೊಡವೆಯಿಲ್ಲದ ಸಾಫ್ಟ್‌ವೇರ್ ಸೇವೆಯ ಕಂಪನಿಯಲ್ಲಿ 65 ಪೈಸೆ ಉಳಿಯುತ್ತದೆ ಎಂದುಕೊಂಡರೆ, ಅದೇ ಹತ್ತು ಪಟ್ಟಿನೊಳಗೆ ಅಡಗಿರುವ ಬೆಳವಣಿಗೆ ಶೇ. 5.2 ಮಾತ್ರ. ಗೋಪುರ, ಕೇಬಲ್ಲುಗಳಿಗೆ ಸದಾ ಸುರಿಯುತ್ತಲೇ ಇರಬೇಕಾದ, 25 ಪೈಸೆಯಷ್ಟೇ ಉಳಿಯುವ ಕಂಪನಿಯಲ್ಲಿ ಅದು ಶೇ. 9.3. ಎಬಿಟ್ಡಾ ಯಂತ್ರಗಳ ಸವಕಳಿಯನ್ನು ಕಳೆಯುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಮಲ್ಟಿಪಲ್‌ನಲ್ಲಿ ಕಾಣುವುದೇ ಇಲ್ಲ.

ಪರೀಕ್ಷೆ ಮಾಡುವಾಗ ಕಾಲದ ಗೆರೆಯೂ ಒಂದೇ ಆಗಿರಬೇಕು. ನಗದು ವರ್ಷದ ಕೊನೆಗೆ ಒಟ್ಟಿಗೆ ಬರದೆ ವರ್ಷವಿಡೀ ಬರುವುದರಿಂದ, ವರ್ಷದ ನಡುವೆ ಬಂತೆಂದು ಹಿಡಿಯುವ ರೂಢಿ ಇದೆ. ಆದರೆ ಮಲ್ಟಿಪಲ್‌ನಿಂದ ಬರುವ ಬೆಲೆ ವರ್ಷದ ಕೊನೆಯ ದಿನದ್ದು. ಹಾಗಿದ್ದಾಗ ಮೇಲಿನ ಸೂತ್ರದಲ್ಲಿ 22 ಕೋಟಿಯನ್ನು ಅರ್ಧ ವರ್ಷದ ಡಿಸ್ಕೌಂಟಿನಷ್ಟು, ಇಲ್ಲಿ 1.058ರಿಂದ, ಹಿಗ್ಗಿಸಿಕೊಳ್ಳಬೇಕು. ಅಡಗಿರುವ ಬೆಳವಣಿಗೆ 7.3ರಿಂದ 7.0ಕ್ಕೆ ಇಳಿಯುತ್ತದೆ. ವಿದೇಶಿ ಕಂಪನಿಗಳ ಮಲ್ಟಿಪಲ್ ತಂದಾಗಲೂ ಎಚ್ಚರ ಬೇಕು. ಅದರೊಳಗಿರುವುದು ಡಾಲರಿನ ಬಡ್ಡಿ ಮತ್ತು ಡಾಲರಿನ ಹಣದುಬ್ಬರ, ಅದನ್ನು ರೂಪಾಯಿಯ ಶೇ. 12ರ ಜೊತೆ ಸೇರಿಸಿ ಹೊರಗೆಳೆದ ದರಕ್ಕೆ ಅರ್ಥವಿಲ್ಲ. ಎಲ್ಲಕ್ಕಿಂತ ಕೆಡುಕಿನದು, ಮೊದಲು ಮಲ್ಟಿಪಲ್ ಆರಿಸಿ, ಅದಕ್ಕೆ ಹೊಂದುವ ಬೆಳವಣಿಗೆ ದರವನ್ನು ಆಮೇಲೆ ಹುಡುಕಿ, ಎರಡೂ ದಾರಿಗಳು ಒಂದೇ ಉತ್ತರ ಕೊಟ್ಟವು ಎಂದು ವರದಿಯಲ್ಲಿ ಬರೆಯುವುದು. ಒಂದರಿಂದ ಇನ್ನೊಂದನ್ನು ಹುಟ್ಟಿಸಿದ ಮೇಲೆ ಅವು ಒಪ್ಪದೇ ಇರುವುದು ಸಾಧ್ಯವೇ ಇಲ್ಲ. ಬೆಳವಣಿಗೆಯನ್ನು ಹಣದುಬ್ಬರ ಮತ್ತು ಉದ್ಯಮದ ಬೇಡಿಕೆಯಿಂದ, ಗಳಿಕೆಯನ್ನು ಕಂಪನಿಯ ಹಳೆಯ ಲೆಕ್ಕಪತ್ರ ಮತ್ತು ಪೈಪೋಟಿಯಿಂದ, ಮಲ್ಟಿಪಲ್ಲನ್ನು ಮಾರುಕಟ್ಟೆಯಿಂದ ಬೇರೆಬೇರೆಯಾಗಿ ಕಂಡುಕೊಂಡ ಮೇಲೆಯೇ ಅವನ್ನು ಎದುರುಬದುರು ಕೂರಿಸಬೇಕು.

ಪರೀಕ್ಷೆ ಕೆಳಮುಖವಾಗಿಯೂ ಕೆಲಸ ಮಾಡುತ್ತದೆ, ಅಲ್ಲಿ ಅದನ್ನು ಬಳಸುವವರು ಕಡಿಮೆ. ಮಾರುಕಟ್ಟೆ ಕುಸಿದಿರುವಾಗ ಇದೇ ಕಾರ್ಖಾನೆಗೆ ನಾಲ್ಕು ಪಟ್ಟು ಹಚ್ಚಿದರೆ ಕೊನೆಯ ಮೌಲ್ಯ 200 ಕೋಟಿ, ಅಡಗಿರುವ ಬೆಳವಣಿಗೆ ಶೇ. 0.9. ಶೇ. 4 ಹಣದುಬ್ಬರವಿರುವ ನಾಡಿನಲ್ಲಿ ಅದರ ಅರ್ಥ, ಕಾರ್ಖಾನೆಯ ನೈಜ ಗಳಿಕೆ ಪ್ರತಿ ವರ್ಷ ಸುಮಾರು ಶೇ. 3ರಂತೆ ಸದಾಕಾಲ ಕರಗುತ್ತದೆ ಎಂದು. ಅದು ತಯಾರಿಸುವುದು ಪಿಸ್ಟನ್, ಕವಾಟದಂಥ ಎಂಜಿನ್ನಿನ ಭಾಗಗಳನ್ನು ಮಾತ್ರವಾದರೆ, ವಿದ್ಯುತ್ ವಾಹನಗಳಿಗೆ ಅವು ಬೇಡವಾದ್ದರಿಂದ, ನಾಲ್ಕು ಪಟ್ಟು ನ್ಯಾಯವಾದ ಬೆಲೆಯೇ ಇರಬಹುದು. ಆದರೆ ಆಗ ಬೆಳವಣಿಗೆಗೆಂದು 8 ಕೋಟಿ ಹೂಡುತ್ತಿರುವ ಸಾಲು ಹಾಗೇ ಉಳಿಯಬಾರದು: ಕರಗುವ ಕಾರ್ಖಾನೆಗೆ ವಿಸ್ತರಣೆಯ ಯಂತ್ರ ಬೇಡ, ಆ ಹಣ ಮಾಲೀಕರ ಕೈಗೆ ಬರಬೇಕು. ಅದು ಮಾಡುವುದು ಬ್ರೇಕು, ಸ್ಟೀರಿಂಗಿನ ಭಾಗಗಳನ್ನಾದರೆ, ಎಂಜಿನ್ ಹೋದರೂ ಅವು ಬೇಕೇ ಬೇಕು, ಆಗ ತಿದ್ದಬೇಕಾಗಿರುವುದು ನಾಲ್ಕು ಎಂಬ ಅಂಕಿಯನ್ನು.